ಗಡ್ಡೆಯ ಅಳತೆಗಿಂತ ಅದು ಕೂತಿರುವ ಜಾಗ ಮುಖ್ಯ

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಅರಸೀಕೆರೆ ಹತ್ತಿರದ ಹಳ್ಳಿ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಇಬ್ಬರು ಮಕ್ಕಳು, ದೊಡ್ಡವರಾಗಿದ್ದಾರೆ. ಒಂದೂವರೆ ವರ್ಷದಿಂದ ಮುಟ್ಟು ಎಂಟೊಂಬತ್ತು ದಿನ ಇರುತ್ತದೆ. ಮೊದಲ ಮೂರು ದಿನ ಒಂದು ಗಂಟೆಗೇ ಪ್ಯಾಡ್ ತುಂಬಿಹೋಗುತ್ತದೆ, ರಾತ್ರಿ ಎರಡು ಪ್ಯಾಡ್ ಇಟ್ಟು ಮೇಲೆ ಹಳೇ ಸೀರೆ ಬಟ್ಟೆ ಇಟ್ಟುಕೊಂಡರೂ ಹಾಸಿಗೆಗೆ ತಾಗುತ್ತದೆ. ಹೆಪ್ಪುಗಟ್ಟಿದ ಮುದ್ದೆಗಳೂ ಬೀಳುತ್ತವೆ. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.6 ಬಂದಿದೆ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಎರಡು ಗಡ್ಡೆ ಇವೆ ಎಂದರು. ರಿಪೋರ್ಟಿನ ಫೋಟೋ ಕಳಿಸಿದ್ದೇನೆ. ಗರ್ಭಕೋಶ ತೆಗೆಸಿಬಿಡಿ ಅಂತ ಹೇಳಿ ಮುಂದಿನ ವಾರಕ್ಕೆ ಆಪರೇಷನ್ ದಿನ ಕೊಟ್ಟಿದ್ದಾರೆ. ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ತೆಗೆಸಿದರೆ ಮೈಯಲ್ಲಿ ಕಸುವೇ ಉಳಿಯುವುದಿಲ್ಲ ಎಂದು ಅತ್ತೆ ಹೇಳುತ್ತಾರೆ. ಮಾತ್ರೆಯಲ್ಲಿ ಕರಗಲ್ವಾ ಎಂದು ಯಜಮಾನರು ಕೇಳುತ್ತಾರೆ. ನನಗೆ ಏನೂ ತೋಚುತ್ತಿಲ್ಲ. — ಹೆಸರು ಬೇಡ

ಉತ್ತರ: ಮುಂದಿನ ವಾರದ ಆಪರೇಷನ್ ದಿನವನ್ನು ಮೊದಲು ಮುಂದಕ್ಕೆ ಹಾಕಿಸಿ. ಆಪರೇಷನ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 7.6 ಹಿಮೋಗ್ಲೋಬಿನ್ ಇಟ್ಟುಕೊಂಡು, ತುರ್ತು ಇಲ್ಲದ ದೊಡ್ಡ ಆಪರೇಷನ್‌ಗೆ ಯಾರೂ ಹೋಗಬಾರದು. ಹೋದರೆ ಬೇರೆಯವರ ರಕ್ತ ಹಾಕಿಸಿಕೊಳ್ಳಬೇಕಾಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ, ಆಪರೇಷನ್ ನಡುವೆ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಮೈಗೆ ಇರುವುದಿಲ್ಲ. ನಿಮ್ಮ ಗಡ್ಡೆಗಳು ಒಂದೆರಡು ತಿಂಗಳಲ್ಲಿ ಏನೂ ಆಗಿಬಿಡುವಂಥವಲ್ಲ. ಆ ಸಮಯ ನಿಮಗೆ ಬೇಕು.

ನೀವು ಕಳಿಸಿದ ರಿಪೋರ್ಟನ್ನು ನಾಲ್ಕು ಸಲ ಓದಿದೆ. ಅದರಲ್ಲಿರುವುದು ಇಷ್ಟು: ಗರ್ಭಕೋಶ 10.4 ಸೆಂ.ಮೀ. ಉದ್ದ ಇದೆ. ಹೆತ್ತವರಲ್ಲಿ ಅದು ಸಾಮಾನ್ಯವಾಗಿ ಎಂಟೊಂಬತ್ತು ಸೆಂ.ಮೀ. ಇರುತ್ತದೆ, ಹಾಗಾಗಿ ನಿಮ್ಮದು ತುಸು ದಪ್ಪಗಾಗಿದೆ, ಅಷ್ಟೆ. ಹಿಂಭಾಗದ ಗೋಡೆಯಲ್ಲಿ 4.8 ಸೆಂ.ಮೀ.ನ ಒಂದು ಗಡ್ಡೆ, 'ಇಂಟ್ರಾಮ್ಯೂರಲ್' ಎಂದು ಬರೆದಿದೆ. ಮುಂಭಾಗದಲ್ಲಿ 2.2 ಸೆಂ.ಮೀ.ನ ಇನ್ನೊಂದು, 'ಸಬ್‌ಮ್ಯೂಕೋಸಲ್' ಎಂದಿದೆ. ಒಳಪದರ 13 ಮಿ.ಮೀ. ಅಂಡಾಶಯಗಳು ಸರಿಯಾಗಿವೆ.

ಇದನ್ನು ಓದಿದವರೆಲ್ಲ ದೊಡ್ಡ ಗಡ್ಡೆಗೆ ಹೆದರುತ್ತಾರೆ. ನಿಂಬೆಹಣ್ಣಿನಷ್ಟಿರುವ ಅದನ್ನು ಬಿಟ್ಟು ನನ್ನ ಕಣ್ಣು ಹೋಗಿದ್ದು ನೆಲ್ಲಿಕಾಯಿಯಷ್ಟಿರುವ ಚಿಕ್ಕದರ ಮೇಲೆ. ನಿಮ್ಮ ಹಾಸಿಗೆ ಒದ್ದೆಯಾಗುವುದಕ್ಕೆ ಬಹುಮಟ್ಟಿಗೆ ಅದೇ ಕಾರಣ ಇರಬೇಕು. ಯಾಕೆ ಎಂದು ಹೇಳುತ್ತೇನೆ.

ಗರ್ಭಕೋಶ ಎಂದರೆ ದಪ್ಪ ಸ್ನಾಯುವಿನ ಗೋಡೆ ಇರುವ ಒಂದು ಅಂಗ, ನಡುವೆ ಕಿರಿದಾದ ಪೊಳ್ಳು. ಆ ಪೊಳ್ಳಿನ ಸುತ್ತ ಇರುವ ಒಳಪದರವೇ ಪ್ರತಿ ತಿಂಗಳು ಕಳಚಿ ಮುಟ್ಟಾಗಿ ಹೊರಬರುವುದು. ಪದರ ಕಳಚಿದಾಗ ಬಾಯಿ ತೆರೆದ ರಕ್ತನಾಳಗಳು ಮುಚ್ಚಿಕೊಳ್ಳಲು ಅಲ್ಲಿ ರಕ್ತ ಹೆಪ್ಪುಗಟ್ಟಬೇಕು, ನಾಳಗಳು ಕುಗ್ಗಬೇಕು, ಸ್ನಾಯುವೂ ಬಿಗಿಯಬೇಕು. ಫೈಬ್ರಾಯ್ಡ್ ಎಂಬುದು ಈ ಗೋಡೆಯ ಸ್ನಾಯುವಿನಲ್ಲೇ ಹುಟ್ಟುವ, ನಾರಿನಂತೆ ಗಟ್ಟಿಯಾದ ಗಡ್ಡೆ. ಅದು ಗೋಡೆಯ ಹೊರಮೈ ಕಡೆಗೆ ಬೆಳೆದರೆ ಎಂಟು ಸೆಂ.ಮೀ. ಆದರೂ ಮುಟ್ಟಿನಲ್ಲಿ ಏನೂ ವ್ಯತ್ಯಾಸ ಆಗದೆ ಇರಬಹುದು. ಗೋಡೆಯ ಮಧ್ಯದಲ್ಲಿದ್ದರೆ ಸ್ವಲ್ಪ ತೊಂದರೆ ಕೊಡಬಹುದು, ಕೊಡದೆಯೂ ಇರಬಹುದು. ಒಳಗಿನ ಪೊಳ್ಳಿಗೆ ಉಬ್ಬಿಕೊಂಡಿದ್ದರೆ ಮಾತ್ರ ಎರಡು ಸೆಂ.ಮೀ.ನದ್ದೂ ಹೈರಾಣ ಮಾಡುತ್ತದೆ. ಅದರ ಮೇಲಿನ ಪದರ ತೆಳ್ಳಗಾಗಿ ರಕ್ತನಾಳಗಳು ಹಿಗ್ಗಿರುತ್ತವೆ, ಆ ಜಾಗದಲ್ಲಿ ಗೋಡೆ ಸರಿಯಾಗಿ ಬಿಗಿಯುವುದಿಲ್ಲ, ಹರಿದ ರಕ್ತ ಬೇಗ ನಿಲ್ಲುವುದಿಲ್ಲ.

ಹಾಗಾಗಿ ನೀವು ಮಾಡಿಸಬೇಕಾದ ಮೊದಲ ಕೆಲಸ ಇನ್ನೊಂದು ಸ್ಕ್ಯಾನಿಂಗ್. ನಿಮಗೆ ಮಾಡಿರುವುದು ಹೊಟ್ಟೆಯ ಮೇಲಿನಿಂದ, ನೀರು ಕುಡಿಸಿ ಮೂತ್ರ ತುಂಬಿಸಿಕೊಂಡು ಮಾಡುವ ಸ್ಕ್ಯಾನಿಂಗ್. ಇಡೀ ಗರ್ಭಕೋಶ ಎಷ್ಟು ದೊಡ್ಡದಾಗಿದೆ ಎಂದು ತಿಳಿಯಲು ಅದು ಸಾಕು. ಆದರೆ ಚಿಕ್ಕ ಗಡ್ಡೆ ಪೊಳ್ಳಿನೊಳಗೆ ಎಷ್ಟು ನುಗ್ಗಿದೆ ಎಂದು ಅಷ್ಟು ದೂರದಿಂದ ಖಚಿತವಾಗಿ ಹೇಳಲಾಗದು. ಅದಕ್ಕೆ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್ ಬೇಕು. ಇದರಲ್ಲಿ ಮೂತ್ರ ಖಾಲಿ ಮಾಡಿಕೊಂಡು ಹೋಗಬೇಕು. ಬೆರಳಿಗಿಂತ ಸ್ವಲ್ಪ ದಪ್ಪದ ಪ್ರೋಬಿಗೆ ಹೊಸ ಕವಚ ಹಾಕಿ ಒಳಗಿಡುತ್ತಾರೆ. ಮುಜುಗರ ಆಗುತ್ತದೆ, ನೋವು ಅಷ್ಟಾಗಿ ಆಗುವುದಿಲ್ಲ. ಮಹಿಳಾ ವೈದ್ಯರೇ ಮಾಡಲಿ ಎಂದು ಕೇಳಬಹುದು, ಜೊತೆಗೊಬ್ಬ ಹೆಂಗಸು ಇರಲಿ ಎಂದೂ ಕೇಳಬಹುದು. ರಕ್ತ ನಿಂತ ಕೂಡಲೇ, ಅಂದರೆ ಮುಟ್ಟು ಮುಗಿದ ನಾಲ್ಕೈದು ದಿನದೊಳಗೆ ಹೋಗಿ. ಆಗ ಒಳಪದರ ತೆಳ್ಳಗಿರುತ್ತದೆ, ಗಡ್ಡೆಯ ಅಂಚು ಎದ್ದು ಕಾಣುತ್ತದೆ. ನಿಮ್ಮ 13 ಮಿ.ಮೀ. ಎನ್ನುವ ಅಂಕಿಯೂ ಅದಕ್ಕೇ ಅರ್ಧ ಮಾತು. ಮುಟ್ಟಿಗೆ ಮುಂಚಿನ ವಾರದಲ್ಲಿ ಅಳೆದಿದ್ದರೆ ಅದು ಸಹಜ, ಮುಟ್ಟು ಮುಗಿದ ಕೂಡಲೇ ಅಳೆದಿದ್ದರೆ ಜಾಸ್ತಿ. ಸ್ಕ್ಯಾನ್ ಮಾಡಿದ ದಿನ ಮುಟ್ಟಿನ ಎಷ್ಟನೇ ದಿನ ಎಂದು ರಿಪೋರ್ಟಿನಲ್ಲಿ ಬರೆದೇ ಇಲ್ಲ. ಈ ಸಲ ನೀವೇ ಹೇಳಿ ಬರೆಸಿ.

ಸ್ಕ್ಯಾನ್ ಪರದೆಯಲ್ಲಿ ಫೈಬ್ರಾಯ್ಡ್ ದುಂಡಗೆ, ಸುತ್ತಲಿನ ಸ್ನಾಯುವಿಗಿಂತ ಕಪ್ಪಾಗಿ, ಸ್ಪಷ್ಟ ಅಂಚಿನೊಂದಿಗೆ ಕಾಣುತ್ತದೆ. ಅದರ ಹಿಂದೆ ಸಣ್ಣ ಸಣ್ಣ ನೆರಳಿನ ಗೆರೆಗಳು ಬೀಳುತ್ತವೆ. ಕಲರ್ ಡಾಪ್ಲರ್ ಹಾಕಿದರೆ ರಕ್ತನಾಳಗಳು ಗಡ್ಡೆಯ ಅಂಚನ್ನು ಬಳಸಿಕೊಂಡು ಹೋಗುವುದು ತಿಳಿಯುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಗೋಡೆಯ ಒಂದು ಬದಿ ಅಂಚೇ ಇಲ್ಲದೆ ದಪ್ಪಗಾಗಿ, ನಡುವೆ ಚಿಕ್ಕ ಚಿಕ್ಕ ನೀರ್ಗುಳ್ಳೆಗಳಿದ್ದು, ರಕ್ತನಾಳಗಳು ಅದರ ಮಧ್ಯದಲ್ಲೇ ಹಾದುಹೋಗುತ್ತಿದ್ದರೆ ಅದು ಅಡಿನೊಮಯೋಸಿಸ್ ಎಂಬ ಬೇರೆಯೇ ತೊಂದರೆ. ಅದರಲ್ಲೂ ಹೀಗೇ ರಕ್ತ ಹೋಗುತ್ತದೆ, ಹೊಟ್ಟೆನೋವು ಇನ್ನೂ ಜಾಸ್ತಿ. ಆದರೆ ಅದನ್ನು ಗಡ್ಡೆಯ ಹಾಗೆ ಬಿಡಿಸಿ ತೆಗೆಯುವುದು ಕಷ್ಟ. ಗಡಿಬಿಡಿಯಲ್ಲಿ ಮಾಡಿದ ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಇವೆರಡೂ ಒಂದಕ್ಕೊಂದು ಬೆರೆತುಹೋಗುವುದುಂಟು. ನಿಮ್ಮ ಹಿಂಗೋಡೆಯ ಗಡ್ಡೆಗೆ ಸ್ಪಷ್ಟ ಅಂಚು ಇದೆಯೇ ಎಂದು ಸ್ಕ್ಯಾನ್ ಮಾಡುವವರನ್ನು ನೇರವಾಗಿ ಕೇಳಿ.

ಚಿಕ್ಕ ಗಡ್ಡೆಯ ಬಗ್ಗೆ ಎರಡು ಉತ್ತರ ಬೇಕು. ಮೊದಲನೆಯದು, ಅದರ ಎಷ್ಟು ಭಾಗ ಪೊಳ್ಳಿನೊಳಗಿದೆ, ಎಷ್ಟು ಭಾಗ ಗೋಡೆಯಲ್ಲಿ ಹುದುಗಿದೆ? ಪೂರ್ತಿ ಒಳಗೆ ತೊಟ್ಟಿನಲ್ಲಿ ನೇತಾಡುತ್ತಿದ್ದರೆ ಅದನ್ನು 0 ಎಂದು, ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ 1 ಎಂದು, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಗೋಡೆಯಲ್ಲಿದ್ದರೆ 2 ಎಂದು ಗುರುತಿಸುತ್ತಾರೆ. ಎರಡನೆಯದು, ಗಡ್ಡೆಯ ಆಚೆ ಅಂಚಿನಿಂದ ಗರ್ಭಕೋಶದ ಹೊರಮೈವರೆಗೆ ಎಷ್ಟು ಸ್ನಾಯು ಉಳಿದಿದೆ? ಐದು ಮಿ.ಮೀ.ಗಿಂತ ಕಡಿಮೆ ಇದ್ದರೆ ಒಳಗಿನಿಂದ ಕತ್ತರಿಸುವಾಗ ಗೋಡೆ ತೂತಾಗುವ ಭಯ ಇರುತ್ತದೆ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಸ್ಪಷ್ಟವಾಗದಿದ್ದರೆ ಸಪೂರ ನಳಿಕೆಯಿಂದ ಗರ್ಭಕೋಶದೊಳಗೆ ಐದರಿಂದ ಹತ್ತು ಮಿ.ಲೀ. ಸಲೈನ್ ಬಿಟ್ಟು ಮತ್ತೆ ನೋಡುತ್ತಾರೆ. ನೀರು ತುಂಬಿದ ಪೊಳ್ಳಿನಲ್ಲಿ ಗಡ್ಡೆ ಎಷ್ಟು ತಲೆ ಚಾಚಿದೆ ಎನ್ನುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಇನ್ನು ಪಕ್ಕದ ಮನೆಯವರ ಮಾತು. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ಇಟ್ಟುಕೊಂಡರೆ ಮುಂದೊಂದು ದಿನ ಕ್ಯಾನ್ಸರ್ ಆಗಿ ತಿರುಗುತ್ತದೆ ಎಂಬ ಕಾರಣಕ್ಕೆ ಗರ್ಭಕೋಶ ತೆಗೆಸುವ ಅಗತ್ಯ ಇಲ್ಲ. ಗಡ್ಡೆಯಂತೆ ಕಾಣುವ ಸ್ನಾಯುವಿನ ಕ್ಯಾನ್ಸರ್ ಒಂದಿದೆ, ಬಹಳ ಅಪರೂಪ. ಮುಟ್ಟು ನಿಂತ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ ಅದರ ಅನುಮಾನ ಬರಬೇಕು. ನಿಮ್ಮ ವಯಸ್ಸಿನಲ್ಲಿ ನಾನು ಹೆಚ್ಚು ಗಮನ ಕೊಡುವುದು ಗಡ್ಡೆಗಲ್ಲ, ಒಳಪದರಕ್ಕೆ. ನಲವತ್ತು ದಾಟಿ ಇಷ್ಟು ರಕ್ತ ಹೋಗುತ್ತಿರುವವರಿಗೆ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಸಪೂರ ಪ್ಲಾಸ್ಟಿಕ್ ನಳಿಕೆಯಿಂದ ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷದಲ್ಲಿ ಮಾಡುತ್ತಾರೆ, ಮುಟ್ಟಿನ ಹೊಟ್ಟೆನೋವಿನಂತೆ ಒಂದಷ್ಟು ಹಿಂಡುತ್ತದೆ. ನಿಮ್ಮ ಕಾಗದಗಳಲ್ಲಿ ಇದರ ಸುದ್ದಿಯೇ ಇಲ್ಲ. ಈ ಪರೀಕ್ಷೆ ಮಾಡದೆ ಗರ್ಭಕೋಶ ತೆಗೆಯುವ ದಿನ ಗೊತ್ತುಮಾಡಿದ್ದು ನನಗೆ ಸರಿಕಾಣಲಿಲ್ಲ. ಗರ್ಭಕೋಶದ ಬಾಯಿಯ ಪರೀಕ್ಷೆ, ಥೈರಾಯ್ಡ್ ಪರೀಕ್ಷೆಯನ್ನೂ ಇದೇ ಸಲ ಮುಗಿಸಿಕೊಳ್ಳಿ.

ಈ ಓಡಾಟದ ಜೊತೆಯಲ್ಲೇ ರಕ್ತ ಸರಿಮಾಡಿಕೊಳ್ಳುವ ಕೆಲಸ ಇವತ್ತಿನಿಂದಲೇ ಶುರುವಾಗಬೇಕು. ಬೀಟ್‌ರೂಟ್, ಖರ್ಜೂರ, ನುಗ್ಗೆಸೊಪ್ಪು ತಿನ್ನುತ್ತಿರಬಹುದು. ತಿನ್ನಿ, ಒಳ್ಳೆಯದೇ. ಆದರೆ ಊಟದಿಂದ ಮೈ ಹೀರಿಕೊಳ್ಳುವ ಕಬ್ಬಿಣ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ನೀವು 55 ಕೆ.ಜಿ. ಇದ್ದೀರಿ ಎಂದುಕೊಳ್ಳಿ. 7.6ರಿಂದ 13ಕ್ಕೆ ಏರಿ, ಮೈಯ ದಾಸ್ತಾನೂ ತುಂಬಬೇಕಾದರೆ ಸುಮಾರು 1200 ಮಿಲಿಗ್ರಾಂ ಬೇಕು. ಅದರ ಮೇಲೆ ಪ್ರತಿ ತಿಂಗಳೂ ಹರಿದುಹೋಗುತ್ತಿದೆ. ಸೊಪ್ಪಿನಿಂದ ಈ ಲೆಕ್ಕ ಎಂದಿಗೂ ತುಂಬದು. ಮಾತ್ರೆಯಿಂದ ತುಂಬಬಹುದು, ಆದರೆ ನಿಮ್ಮಷ್ಟು ರಕ್ತ ಹೋಗುವವರಲ್ಲಿ ಅದು ನಿಧಾನ. ಹಾಗಾಗಿ ನಿಮಗೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೇ ಸರಿ. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ 200 ಮಿಲಿಗ್ರಾಂನಂತೆ ದಿನ ಬಿಟ್ಟು ದಿನ ಆರು ಸಲ ಹೋಗಿಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಮ್ಮೆಗೆ 1000 ಮಿಲಿಗ್ರಾಂವರೆಗೆ ಕೊಡಬಹುದು, ಉಳಿದದ್ದನ್ನು ವಾರ ಬಿಟ್ಟು ಕೊಡುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಯಾವುದು ಸಿಗುತ್ತದೋ ಅದನ್ನೇ ಹಾಕಿಸಿಕೊಳ್ಳಿ. ಅಲರ್ಜಿ ಆದರೆ ನೋಡಿಕೊಳ್ಳುವ ವ್ಯವಸ್ಥೆ ಇರುವ ಕಡೆಯೇ ಹಾಕಿಸಬೇಕು, ಮನೆಗೆ ಕರೆಸಿ ಹಾಕಿಸಿಕೊಳ್ಳುವ ಔಷಧ ಇದಲ್ಲ. ಮೂರ್ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಎರಡರಷ್ಟಾದರೂ ಮೇಲೆ ಬರಬೇಕು. ಬರದಿದ್ದರೆ ಕೊಟ್ಟಷ್ಟೇ ಹರಿದುಹೋಗುತ್ತಿದೆ, ಇಲ್ಲವೇ ರಕ್ತಹೀನತೆಗೆ ಬೇರೆ ಕಾರಣ ಇದೆ.

ಹರಿವನ್ನು ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಇದೆ. ಸಾಮಾನ್ಯವಾಗಿ 500 ಮಿಲಿಗ್ರಾಂನ ಎರಡೆರಡು ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು, ರಕ್ತ ಜಾಸ್ತಿ ಇರುವ ನಾಲ್ಕೈದು ದಿನ ಮಾತ್ರ ಕೊಡುತ್ತಾರೆ. ಒಂದೇ ಮಾತ್ರೆ ನುಂಗಿ, ಅದೂ ಮೂರನೇ ದಿನ ಶುರುಮಾಡಿ, ಕೆಲಸ ಮಾಡಲಿಲ್ಲ ಎನ್ನುವವರು ಬಹಳ. ಸರಿಯಾದ ಪ್ರಮಾಣದಲ್ಲಿ ಮೊದಲ ದಿನದಿಂದಲೇ ತಗೊಂಡರೆ ಹರಿವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಪೊಳ್ಳಿಗೆ ಉಬ್ಬಿದ ಗಡ್ಡೆ ಇದ್ದವರಲ್ಲಿ ಅಷ್ಟು ಇಳಿಯದೆಯೂ ಇರಬಹುದು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು ಇದನ್ನು ಮುಟ್ಟಬಾರದು. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಬೇರೆ. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಸುಮ್ಮನೆ ಕೇಳಿ ತರಬೇಡಿ, ವೈದ್ಯರಿಂದ ಬರೆಸಿಕೊಳ್ಳಿ.

ಯಜಮಾನರ ಪ್ರಶ್ನೆಗೆ ಈಗ ಬರುತ್ತೇನೆ. ಈ ಮಾತ್ರೆಯಿಂದ ಗಡ್ಡೆ ಕರಗುವುದಿಲ್ಲ, ರಕ್ತ ಮಾತ್ರ ಕಡಿಮೆಯಾಗುತ್ತದೆ. ಗಡ್ಡೆಯನ್ನೇ ಕುಗ್ಗಿಸುವ ಔಷಧಗಳೂ ಇವೆ. ಲ್ಯೂಪ್ರೊಲೈಡ್ ಇಂಜೆಕ್ಷನನ್ನು ತಿಂಗಳಿಗೊಮ್ಮೆ ಮೂರು ತಿಂಗಳು ಕೊಟ್ಟರೆ ಗಡ್ಡೆ ಬಹಳಷ್ಟು ಚಿಕ್ಕದಾಗುತ್ತದೆ, ಮುಟ್ಟೂ ನಿಲ್ಲುತ್ತದೆ. ಆದರೆ ಮೈ ಬಿಸಿಯೇರುವುದು, ಬೆವರುವುದು, ನಿದ್ದೆ ಹಾಳಾಗುವುದು ಶುರುವಾಗುತ್ತದೆ, ಮೂಳೆ ಸವೆಯುತ್ತದೆ, ಆರು ತಿಂಗಳಿಗಿಂತ ಹೆಚ್ಚು ಸುಮ್ಮನೆ ಕೊಡುವಂತಿಲ್ಲ. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಗಡ್ಡೆ ಮತ್ತೆ ಹಿಂದಿನಷ್ಟಾಗುತ್ತದೆ. ಆಪರೇಷನ್‌ಗೆ ಮುಂಚೆ ರಕ್ತ ಏರಿಸಿಕೊಳ್ಳಲು ಸಮಯ ಬೇಕೆಂದಾಗ ಅದು ಉಪಯೋಗಕ್ಕೆ ಬರುತ್ತದೆ. ಅದರಾಚೆಗೆ ಗಡ್ಡೆಯನ್ನು ಶಾಶ್ವತವಾಗಿ ಕರಗಿಸುವ ಔಷಧ ಯಾವುದೂ ಇಲ್ಲ. ಹಾಗೆ ಭರವಸೆ ಕೊಟ್ಟು ಪುಡಿ, ಕಷಾಯ ಮಾರುವವರ ಮಾತು ಕೇಳಿ ಆರು ತಿಂಗಳು ಕಳೆದರೆ ನಿಮ್ಮ ಹಿಮೋಗ್ಲೋಬಿನ್ ಆರಕ್ಕೆ ಇಳಿದಿರುತ್ತದೆ.

ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದ ಬಗ್ಗೆ ಹೇಳಲೇಬೇಕು. ಕಾಪರ್-ಟಿಯಂತೆಯೇ ಕಾಣುವ ಇದರಲ್ಲಿ 52 ಮಿಲಿಗ್ರಾಂ ಲೆವೊನೋರ್ಜೆಸ್ಟ್ರೆಲ್ ಇರುತ್ತದೆ. ಅದು ದಿನಾ ಚೂರುಚೂರೇ ಒಳಪದರಕ್ಕೆ ಇಳಿದು ಪದರವನ್ನು ತೆಳ್ಳಗೆ ಮಾಡುತ್ತದೆ, ವರ್ಷಗಟ್ಟಲೆ ರಕ್ತ ತಗ್ಗಿಸುತ್ತದೆ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಲೆ ಕಾಣಿಸುತ್ತದೆ, ಅದನ್ನು ತಡೆದುಕೊಳ್ಳಬೇಕು. ನಿಮಗೆ ಇದು ಒಳ್ಳೆಯ ದಾರಿ, ಆದರೆ ಈಗಲೇ ಅಲ್ಲ. ಪೊಳ್ಳಿನಲ್ಲಿ ಗಡ್ಡೆ ಉಬ್ಬಿಕೊಂಡಿರುವಾಗ ಇಟ್ಟರೆ ಅದು ಸರಿಯಾಗಿ ಕೂರುವುದಿಲ್ಲ, ಜೋರಾಗಿ ರಕ್ತ ಹೋಗುವಾಗ ಜೊತೆಯಲ್ಲೇ ಜಾರಿ ಹೊರಬೀಳುವ ಸಂಭವ ಹೆಚ್ಚು.

ಹೊಸ ಸ್ಕ್ಯಾನಿಂಗ್‌ನಲ್ಲಿ ಚಿಕ್ಕ ಗಡ್ಡೆ 0 ಅಥವಾ 1 ಎಂದು ಬಂದರೆ, ನನ್ನ ತಂಗಿಯಾಗಿದ್ದರೆ ನಾನು ಹೇಳುತ್ತಿದ್ದುದು ಇದನ್ನೇ: ಹಿಸ್ಟರೊಸ್ಕೋಪಿ ಮಾಡಿಸಿ ಅದೊಂದನ್ನು ತೆಗೆಸಿಕೊಳ್ಳಿ. ಅರಿವಳಿಕೆ ಕೊಟ್ಟು, ಯೋನಿಯ ಮೂಲಕವೇ ಸಪೂರ ದುರ್ಬೀನು ಒಳಗೆ ಹಾಕಿ, ಸಲೈನ್‌ನಿಂದ ಪೊಳ್ಳನ್ನು ಹಿಗ್ಗಿಸಿ, ವಿದ್ಯುತ್ ತಂತಿಯ ಕುಣಿಕೆಯಿಂದ ಗಡ್ಡೆಯನ್ನು ಚೂರುಚೂರಾಗಿ ಕೆತ್ತಿ ತೆಗೆಯುತ್ತಾರೆ. ಹೊಟ್ಟೆಯ ಮೇಲೆ ಗಾಯವೇ ಇರುವುದಿಲ್ಲ. ಅದೇ ದಿನ ಅಥವಾ ಮರುದಿನ ಮನೆಗೆ ಬರಬಹುದು, ವಾರದೊಳಗೆ ಹೊಲಿಗೆ ಯಂತ್ರದ ಮುಂದೆ ಕೂರಬಹುದು. ಅಪಾಯಗಳು ಇಲ್ಲವೆಂದಲ್ಲ. ಗೋಡೆ ತೂತಾಗಬಹುದು, ಒಳಬಿಟ್ಟ ದ್ರವ ಹೆಚ್ಚಾಗಿ ರಕ್ತಕ್ಕೆ ಸೇರಬಹುದು. ಒಳಹೋದ ನೀರೆಷ್ಟು, ಹೊರಬಂದದ್ದೆಷ್ಟು ಎಂದು ಥಿಯೇಟರಿನಲ್ಲಿ ಲೆಕ್ಕ ಇಡುತ್ತಲೇ ಇರಬೇಕು, ಮಿತಿ ಮೀರಿದರೆ ಅಲ್ಲಿಗೇ ನಿಲ್ಲಿಸಬೇಕು. ಗಡ್ಡೆ 2ನೆಯ ಬಗೆಯದಾದರೆ ಒಂದೇ ಸಲಕ್ಕೆ ಮುಗಿಯದೆ ಎರಡನೇ ಸಲ ಬೇಕಾಗಬಹುದು. ಹಾಗಾಗಿ ಈ ಕೆಲಸವನ್ನು ಮೇಲಿಂದ ಮೇಲೆ ಮಾಡುವವರ ಬಳಿಯೇ ಹೋಗಿ. ನೀವು ಎಷ್ಟು ಮಾಡಿದ್ದೀರಿ ಎಂದು ಕೇಳಿದರೆ ಒಳ್ಳೆಯ ವೈದ್ಯರು ಬೇಜಾರು ಮಾಡಿಕೊಳ್ಳುವುದಿಲ್ಲ. ಪೊಳ್ಳು ಸಮವಾದ ಮೇಲೆ ಹಾರ್ಮೋನ್ ಸಾಧನವನ್ನು ಇಡಿಸಿಕೊಳ್ಳಬಹುದು. ನಿಂಬೆಹಣ್ಣಿನಷ್ಟಿರುವ ಗಡ್ಡೆ ಗೋಡೆಯಲ್ಲಿ ತನ್ನ ಪಾಡಿಗೆ ಇರಲಿ. ನಮ್ಮಲ್ಲಿ ಬಹುತೇಕರಿಗೆ ಐವತ್ತರ ಒಳಗೆ ಮುಟ್ಟು ನಿಲ್ಲುತ್ತದೆ, ಆಮೇಲೆ ಗಡ್ಡೆಯೂ ಕುಗ್ಗುತ್ತದೆ. ನೀವು ದಾಟಬೇಕಿರುವುದು ಈ ಕೆಲವು ವರ್ಷಗಳನ್ನು.

ಹಾಗೆಂದು ಗರ್ಭಕೋಶ ತೆಗೆಸುವುದೇ ತಪ್ಪು ಎಂದು ತಿಳಿಯಬೇಡಿ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆಗಳು ಇನ್ನೂ ಹಲವು ಕಂಡರೆ, ಅಡಿನೊಮಯೋಸಿಸ್ ಸೇರಿಕೊಂಡಿದ್ದರೆ, ಇಷ್ಟೆಲ್ಲ ಮಾಡಿಯೂ ರಕ್ತ ನಿಲ್ಲದಿದ್ದರೆ ಅದೇ ಸರಿಯಾದ ದಾರಿ. ಎಲ್ಲ ತಿಳಿದ ಮೇಲೂ ನನಗೆ ಈ ಮುಟ್ಟಿನ ಗೋಳೇ ಬೇಡ ಎಂದು ನಿಮಗೇ ಅನ್ನಿಸಿದರೆ ಅದೂ ಒಪ್ಪತಕ್ಕ ಕಾರಣವೇ. ಮುಟ್ಟು ಖಾತ್ರಿಯಾಗಿ ನಿಲ್ಲುವುದು, ಗಡ್ಡೆ ಮತ್ತೆ ಬರದಿರುವುದು ಅದರಿಂದ ಮಾತ್ರ. ಅತ್ತೆಯವರ ಮಾತಿನಲ್ಲಿ ಒಂದು ಸತ್ಯ ಇದೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದುಬಿಟ್ಟರೆ ಮುಟ್ಟು ನಿಂತವರ ಮೈಬಿಸಿ, ಮೂಳೆ ಸವೆತ ಎಲ್ಲವೂ ಒಂದೇ ಸಲ ಬಂದೆರಗುತ್ತವೆ, ಹೃದಯಕ್ಕೂ ಒಳ್ಳೆಯದಲ್ಲ. ನಿಮ್ಮ ಅಂಡಾಶಯಗಳು ಚೆನ್ನಾಗಿವೆ. ಅವನ್ನು ಉಳಿಸುತ್ತೀರಾ ಎಂದು ಕೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದರಲ್ಲಿ ಏನು ಬರೆದಿದೆ ಎಂದು ಮಕ್ಕಳಿಂದ ಓದಿಸಿ. ಉಳಿಸಿಕೊಂಡರೆ ಆರು ವಾರದ ವಿಶ್ರಾಂತಿಯ ನಂತರ ಹೊಲಿಗೆ, ಮನೆಗೆಲಸ ಎಲ್ಲವೂ ಮೊದಲಿನಂತೆಯೇ ಆಗುತ್ತದೆ. ಮುಟ್ಟು ಸಹಜವಾಗಿ ನಿಲ್ಲಬೇಕಿದ್ದ ಕಾಲಕ್ಕಿಂತ ಅಂಡಾಶಯ ಸ್ವಲ್ಪ ಮುಂಚೆ ಸೋಲಬಹುದು, ಅಷ್ಟೇ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಬೇಡದ ಗರ್ಭಕೋಶದ ಆಪರೇಷನ್‌ಗಳ ವಿರುದ್ಧ 2017ರಲ್ಲಿ ಕಲಬುರಗಿಯ ತಾಂಡಾಗಳ ಹೆಣ್ಣುಮಕ್ಕಳು ಬೀದಿಗೆ ಬಂದಿದ್ದರು. ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು, ಮೊದಲ ವೈದ್ಯರಿಗೆ ಮಾಡಿದ ಅವಮಾನವಲ್ಲ. ಹೋಗುವಾಗ ಹಳೆಯ ಸ್ಕ್ಯಾನಿಂಗ್ ಫಿಲ್ಮ್, ರಕ್ತದ ರಿಪೋರ್ಟ್, ಕಳೆದ ಮೂರು ಮುಟ್ಟಿನ ದಿನಾಂಕ, ದಿನಕ್ಕೆ ಎಷ್ಟು ಪ್ಯಾಡ್ ಎಂಬ ಲೆಕ್ಕ ತೆಗೆದುಕೊಂಡು ಹೋಗಿ.

ಈ ನಡುವೆ ಎರಡು ಗಂಟೆ ಸತತವಾಗಿ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ, ಎದ್ದುನಿಂತಾಗ ಕಣ್ಣು ಕತ್ತಲಿಟ್ಟರೆ, ಕೂತಲ್ಲೇ ಎದೆ ಹೊಡೆದುಕೊಂಡರೆ ಪ್ರತಿ ತಿಂಗಳ ಹಾಗೇ ಎಂದು ಸುಮ್ಮನಿರಬೇಡಿ, ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಹಾಗೇ, ಬಯಾಪ್ಸಿಯ ರಿಪೋರ್ಟಿನಲ್ಲಿ 'ಅಟಿಪಿಯಾ' ಎಂಬ ಮಾತೋ ಕ್ಯಾನ್ಸರ್ ಎಂಬ ಮಾತೋ ಇದ್ದರೆ ನಾನು ಮೇಲೆ ಬರೆದ ಕ್ರಮ ನಿಮಗೆ ಅನ್ವಯಿಸುವುದಿಲ್ಲ. ಆಗ ಗಡ್ಡೆ ಯಾವ ಜಾಗದಲ್ಲಿದೆ ಎಂದು ನೋಡುತ್ತಾ ಕೂರದೆ, ಕ್ಯಾನ್ಸರ್ ಆಪರೇಷನ್ ಮಾಡುವ ಸ್ತ್ರೀರೋಗ ತಜ್ಞರ ಬಳಿ ಅದೇ ವಾರ ಹೋಗಬೇಕು.